ಮೊತ್ತ ಸಮವಾದಾಗ ಮೂರನೆಯವರು ಯಾರು?

ಮಾರಾಟದ ಲೆಕ್ಕದಲ್ಲಿ ಒಬ್ಬರ ಸ್ಥಾನವನ್ನು ಕಂಡುಹಿಡಿಯುವುದು ಮೂಲತಃ ಒಂದು ಎಣಿಕೆ. ಅವರ ಮೊತ್ತಕ್ಕಿಂತ ಹೆಚ್ಚಿನ ಮೊತ್ತ ಎಷ್ಟು ಜನರದ್ದಿದೆ ಎಂದು ಎಣಿಸಿ, ಅದಕ್ಕೆ ಒಂದು ಕೂಡಿಸಿದರೆ ಬರುವುದೇ ಅವರ ಸ್ಥಾನ. ಯಾರೂ ಮುಂದಿಲ್ಲದಿದ್ದರೆ ಸೊನ್ನೆಗೆ ಒಂದು ಕೂಡಿ ಮೊದಲ ಸ್ಥಾನ. ಮೂವರು ಮುಂದಿದ್ದರೆ ನಾಲ್ಕನೆಯ ಸ್ಥಾನ. ಎಲ್ಲರ ಮೊತ್ತವೂ ಬೇರೆ ಬೇರೆಯಾಗಿದ್ದರೆ ಈ ಎಣಿಕೆಯಲ್ಲಿ ಯಾವ ತೊಡಕೂ ಇಲ್ಲ. ಇಬ್ಬರ ಮೊತ್ತ ರೂಪಾಯಿಗೆ ರೂಪಾಯಿ ಸಮವಾದ ದಿನ ತೊಡಕು ಶುರುವಾಗುತ್ತದೆ. ಮಾರಾಟದ ಕೆಲಸದಲ್ಲಿ ಅಂಥ ದಿನ ಅಪರೂಪವೇನಲ್ಲ: ಬೆಲೆಗಳು ದುಂಡು ಅಂಕಿಗಳಲ್ಲಿರುತ್ತವೆ, ಕೆಲವು ಕಡೆ ಹಣದ ಬದಲು ಮಾರಿದ ವಸ್ತುಗಳ ಸಂಖ್ಯೆಯನ್ನೇ ಲೆಕ್ಕ ಹಿಡಿಯುತ್ತಾರೆ, ಹತ್ತಿಪ್ಪತ್ತು ಜನರ ನಡುವೆ ಅಂಥ ಸಣ್ಣ ಸಂಖ್ಯೆಗಳು ಆಗಾಗ ಒಂದೇ ಆಗುತ್ತವೆ.

ಇಂಥ ಸಮಬಲವನ್ನು ಎಕ್ಸೆಲ್ ಶೀಟಿನಲ್ಲಿ ಸರಿಯಾಗಿ ನಿಭಾಯಿಸಿ, ಮೊದಲ ಮೂರು ಸ್ಥಾನದವರ ಹೆಸರು ಮತ್ತು ಮೊತ್ತವನ್ನು ಅಕ್ಕಪಕ್ಕ ತೋರಿಸುವ ಬಗೆಯನ್ನು ಒಂದು ಸಣ್ಣ ಲೆಕ್ಕದ ಮೂಲಕ ನೋಡಬಹುದು. ಎಂಟು ಜನ ಮಾರಾಟಗಾರರಿರುವ ಒಂದು ಬಟ್ಟೆ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ದಿನದ ಬಿಲ್ಲುಗಳೆಲ್ಲ `Bills` ಎಂಬ ಶೀಟಿನಲ್ಲಿವೆ: A ಕಾಲಂನಲ್ಲಿ ತಾರೀಕು, B ಕಾಲಂನಲ್ಲಿ ಮಾರಿದವರ ಹೆಸರು, C ಕಾಲಂನಲ್ಲಿ ಮೊತ್ತ. ಇನ್ನೊಂದು ಶೀಟಿನ A ಕಾಲಂನಲ್ಲಿ ಎಂಟೂ ಹೆಸರುಗಳು ಅಕಾರಾದಿಯಾಗಿವೆ. ಪ್ರತಿ ಹೆಸರಿನ ಮುಂದೆ ತಿಂಗಳ ಮೊತ್ತ ಬರಲು B2ರಲ್ಲಿ ಈ ಫಾರ್ಮುಲಾ ಬರೆದು ಕೆಳಕ್ಕೆ ಎಳೆದರೆ ಸಾಕು.

```
=ROUND(SUMIF(Bills!$B$2:$B$2000,A2,Bills!$C$2:$C$2000),2)
```

ಇದರಲ್ಲಿ `ROUND` ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ. ತಿಂಗಳ ಕೊನೆಗೆ ಶೀಟ್ ಹೀಗಿದೆ:

| ಸಾಲು | ಹೆಸರು | ಮೊತ್ತ (ರೂ.) |
|---|---|---|
| 2 | ಅನಿತಾ | 3,84,500 |
| 3 | ಗಣೇಶ | 4,12,000 |
| 4 | ಚೇತನ್ | 3,84,500 |
| 5 | ದೀಪಾ | 4,56,250 |
| 6 | ಫಾತಿಮಾ | 3,20,750 |
| 7 | ಬಸವರಾಜ | 4,12,000 |
| 8 | ಮಹೇಶ | 3,51,000 |
| 9 | ಲಕ್ಷ್ಮಿ | 2,98,400 |

ದೀಪಾ ಮೊದಲಿಗರು ಎಂಬುದರಲ್ಲಿ ಅನುಮಾನವಿಲ್ಲ. ಗಣೇಶ ಮತ್ತು ಬಸವರಾಜ ಸಮ. ಅವರ ಕೆಳಗೆ ಅನಿತಾ ಮತ್ತು ಚೇತನ್ ಸಮ.

ಕಾಣೆಯಾಗುವ ಹೆಸರು

ಮೊದಲ ಮೂವರನ್ನು ತೋರಿಸಲು ಬಹಳಷ್ಟು ಕಚೇರಿಗಳಲ್ಲಿ ಬಳಕೆಯಲ್ಲಿರುವ ದಾರಿ ಎಂದರೆ `LARGE` ಫಂಕ್ಷನ್‌ನಿಂದ ದೊಡ್ಡ ಮೂರು ಮೊತ್ತಗಳನ್ನು ತೆಗೆದು, ಆ ಮೊತ್ತ ಯಾರದ್ದೆಂದು `MATCH` ಮೂಲಕ ಹುಡುಕುವುದು. ಎರಡನೆಯ ಮತ್ತು ಮೂರನೆಯ ಸಾಲಿಗೆ ಅದು ಹೀಗಿರುತ್ತದೆ:

```
=INDEX($A$2:$A$9,MATCH(LARGE($B$2:$B$9,2),$B$2:$B$9,0))
=INDEX($A$2:$A$9,MATCH(LARGE($B$2:$B$9,3),$B$2:$B$9,0))
```

`LARGE` ಇಲ್ಲಿ ತಪ್ಪು ಮಾಡುವುದಿಲ್ಲ. ಎರಡನೆಯ ದೊಡ್ಡ ಮೊತ್ತ 4,12,000, ಮೂರನೆಯದೂ 4,12,000 ಎಂದೇ ಅದು ಹೇಳುತ್ತದೆ. ತಪ್ಪು ಆಗುವುದು ಹೆಸರು ಹುಡುಕುವಾಗ. `MATCH` ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, 4,12,000 ಮೊದಲು ಸಿಕ್ಕ ಕಡೆ ನಿಂತುಬಿಡುತ್ತದೆ. ಎರಡು ಸಲ ಕೇಳಿದರೂ ಅದು ನಿಲ್ಲುವುದು ಗಣೇಶನ ಸಾಲಿನಲ್ಲೇ. ಹಾಗಾಗಿ ಗೋಡೆಯ ಮೇಲೆ ಅಂಟಿಸುವ ಪಟ್ಟಿಯಲ್ಲಿ ದೀಪಾ, ಗಣೇಶ, ಗಣೇಶ ಎಂದು ಬರುತ್ತದೆ. ಅಷ್ಟೇ ಮಾರಿದ ಬಸವರಾಜನ ಹೆಸರು ಎಲ್ಲೂ ಇರುವುದಿಲ್ಲ. `VLOOKUP` ಅಥವಾ ಹೊಸ `XLOOKUP` ಬಳಸಿದರೂ ಗತಿ ಇದೇ, ಏಕೆಂದರೆ ಅವೂ ಮೊದಲು ಸಿಕ್ಕ ಒಂದನ್ನು ಮಾತ್ರ ಕೊಡುತ್ತವೆ.

ಇಲ್ಲಿ ಹೆಸರು ಎರಡು ಸಲ ಬಂದಿರುವುದರಿಂದ ಕಣ್ಣಿಗೆ ಬೀಳುತ್ತದೆ. ಮೂರನೆಯ ಮತ್ತು ನಾಲ್ಕನೆಯವರು ಸಮವಾಗಿದ್ದರೆ ಅದೂ ಇಲ್ಲ. ಮೂರು ಬೇರೆ ಬೇರೆ ಹೆಸರುಗಳು ನೀಟಾಗಿ ಕಾಣುತ್ತವೆ, ಹೊರಗೆ ಉಳಿದವರು ಬಾಯಿಬಿಟ್ಟು ಕೇಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಮೊತ್ತದ ಪ್ರಕಾರ ಶೀಟನ್ನು ಇಳಿಕೆ ಕ್ರಮಕ್ಕೆ ಹಾಕಿ ಮೇಲಿನ ಮೂರು ಸಾಲನ್ನು ನಕಲು ಮಾಡುವುದರಲ್ಲೂ ಇದೇ ಅಪಾಯವಿದೆ. ಸಮ ಮೊತ್ತದವರನ್ನು ಎಕ್ಸೆಲ್ ಮೊದಲು ಇದ್ದ ಕ್ರಮದಲ್ಲೇ ಉಳಿಸುತ್ತದೆ, ಕತ್ತರಿ ಅವರ ನಡುವೆ ಎಲ್ಲೋ ಬೀಳುತ್ತದೆ.

ಸಮಬಲಕ್ಕೆ ಮೂರು ಬಗೆಯ ಎಣಿಕೆ

ಸಮವಾದವರಿಗೆ ಯಾವ ಅಂಕಿ ಕೊಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕ್ರೀಡಾಕೂಟಗಳಲ್ಲಿ ನಡೆಯುವ ಪದ್ಧತಿಯಲ್ಲಿ ಸಮಬಲದವರಿಬ್ಬರಿಗೂ ಮೇಲಿನ ಸ್ಥಾನ ಸಿಗುತ್ತದೆ, ಅವರ ನಂತರದ ಸ್ಥಾನ ಖಾಲಿ ಉಳಿಯುತ್ತದೆ. ಲೇಖನದ ಮೊದಲಲ್ಲಿ ಹೇಳಿದ ಎಣಿಕೆ ಇದೇ. ಎಕ್ಸೆಲ್‌ನಲ್ಲಿ ಇದನ್ನು ಮಾಡುವುದು `RANK.EQ`. 2010ರ ಆವೃತ್ತಿಗೆ ಮೊದಲು ಇದ್ದ `RANK` ಕೂಡ ಇದನ್ನೇ ಮಾಡುತ್ತದೆ. C2ರಲ್ಲಿ ಬರೆಯಬೇಕಾದದ್ದು:

```
=RANK.EQ(B2,$B$2:$B$9,0)
```

ಕೊನೆಯ ಸೊನ್ನೆ ದೊಡ್ಡ ಮೊತ್ತಕ್ಕೆ ಮೊದಲ ಸ್ಥಾನ ಎಂಬುದನ್ನು ಸೂಚಿಸುತ್ತದೆ. ಇದರ ಪ್ರಕಾರ ದೀಪಾ 1, ಗಣೇಶ ಮತ್ತು ಬಸವರಾಜ ಇಬ್ಬರೂ 2, ಅನಿತಾ ಮತ್ತು ಚೇತನ್ ಇಬ್ಬರೂ 4. ಮೂರನೆಯ ಸ್ಥಾನವೇ ಇಲ್ಲ. ಇದು ವಿಚಿತ್ರವೆನಿಸಿದರೂ ನ್ಯಾಯವಾದದ್ದೇ, ಏಕೆಂದರೆ ಅನಿತಾಗಿಂತ ಹೆಚ್ಚು ಮಾರಿದವರು ನಿಜಕ್ಕೂ ಮೂವರಿದ್ದಾರೆ.

ಎರಡನೆಯ ಬಗೆಯಲ್ಲಿ ಎಣಿಸುವುದು ಜನರನ್ನಲ್ಲ, ಬೇರೆ ಬೇರೆ ಮೊತ್ತಗಳನ್ನು. ಆಗ ಸ್ಥಾನಗಳ ನಡುವೆ ಅಂತರ ಬೀಳುವುದಿಲ್ಲ: 1, 2, 2, 3, 3. ಈ ಲೆಕ್ಕದಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಐವರು ಇರುತ್ತಾರೆ. ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿರುವ `Rank Largest to Smallest` ಕೊಡುವುದು ಈ ಬಗೆಯ ಸ್ಥಾನವನ್ನು. ಒಂದೇ ಕಡತದಲ್ಲಿ `RANK.EQ` ಅನಿತಾಳಿಗೆ 4 ಎಂದೂ ಪಿವಟ್ ಟೇಬಲ್ 3 ಎಂದೂ ಹೇಳಿದಾಗ ಎರಡರಲ್ಲಿ ಒಂದು ಕೆಟ್ಟಿದೆ ಎಂದು ತಿಳಿಯಬೇಕಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿವೆ.

ಮೂರನೆಯದು ಸರಾಸರಿ ಸ್ಥಾನ. ಗಣೇಶ ಮತ್ತು ಬಸವರಾಜ ಸೇರಿ 2 ಮತ್ತು 3ನೆಯ ಸ್ಥಾನಗಳನ್ನು ತುಂಬಿದ್ದಾರೆ, ಆದ್ದರಿಂದ ಇಬ್ಬರಿಗೂ 2.5. ಇದು `RANK.AVG` ಕೊಡುವ ಉತ್ತರ. ಸಂಖ್ಯಾಶಾಸ್ತ್ರದಲ್ಲಿ, ಮುಖ್ಯವಾಗಿ ಚಾರ್ಲ್ಸ್ ಸ್ಪಿಯರ್‌ಮನ್ ಹೆಸರಿನ ಶ್ರೇಣಿ ಸಹಸಂಬಂಧದಂಥ ಲೆಕ್ಕಗಳಲ್ಲಿ, ಇದು ಬೇಕಾಗುತ್ತದೆ. ಗೋಡೆಯ ಪಟ್ಟಿಯಲ್ಲಿ ಎರಡೂವರೆಯ ಸ್ಥಾನ ಎಂದು ಬರೆದರೆ ಯಾರಿಗೂ ಅರ್ಥವಾಗದು. ಆದರೆ ಬಹುಮಾನದ ಹಣ ಹಂಚುವಾಗ ಇದರ ಹಿಂದಿರುವ ವಿಚಾರ ಕೆಲಸಕ್ಕೆ ಬರುತ್ತದೆ.

ಸಮಬಲವನ್ನು ಹೇಗೆ ನೋಡಬೇಕು ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್‌ನ ಪುರುಷರ ಎತ್ತರ ಜಿಗಿತ ಒಳ್ಳೆಯ ಪಾಠ. 2021ರ ಆಗಸ್ಟ್ 1ರಂದು ನಡೆದ ಆ ಫೈನಲ್‌ನಲ್ಲಿ ಕತಾರ್‌ನ ಮುತಾಜ್ ಎಸ್ಸಾ ಬಾರ್ಶಿಮ್, ಇಟಲಿಯ ಜಾನ್‌ಮಾರ್ಕೊ ತಂಬೇರಿ ಮತ್ತು ಬೆಲಾರೂಸ್‌ನ ಮಕ್ಸಿಮ್ ನೆದಸೆಕಾವ್ ಮೂವರೂ ಜಿಗಿದ ಎತ್ತರ ಒಂದೇ, 2.37 ಮೀಟರ್. ಎತ್ತರ ಸಮವಾದರೆ ವಿಫಲ ಯತ್ನಗಳನ್ನು ಎಣಿಸಬೇಕೆಂಬ ನಿಯಮ ಮೊದಲೇ ಬರೆದಿತ್ತು. ಅದರಂತೆ ನೆದಸೆಕಾವ್ ಮೂರನೆಯವರಾದರು. ಉಳಿದಿಬ್ಬರ ವಿಫಲ ಯತ್ನಗಳೂ ಸಮವಾಗಿದ್ದವು. ಇನ್ನೊಂದು ಸುತ್ತು ಜಿಗಿಯುವ ಅವಕಾಶವನ್ನು ಬಿಟ್ಟು ಅವರು ಚಿನ್ನವನ್ನು ಹಂಚಿಕೊಂಡರು. ಆ ಸ್ಪರ್ಧೆಯಲ್ಲಿ ಬೆಳ್ಳಿ ಯಾರಿಗೂ ಇಲ್ಲ. ಸ್ಥಾನಗಳು 1, 1, 3. ಮೊದಲು ಬರೆದಿಟ್ಟ ನಿಯಮ, ಅದೂ ಸಮವಾದರೆ ಒಪ್ಪಿಕೊಂಡ ಸಮಬಲ. ಮಾರಾಟದ ಶೀಟಿನಲ್ಲೂ ಇದೇ ಎರಡು ಹೆಜ್ಜೆ ಇರಬೇಕು.

ಹೆಸರು ಹುಡುಕಲು ಬೇರೊಂದು ಕ್ರಮಸಂಖ್ಯೆ

ಸ್ಥಾನದಲ್ಲಿ 2 ಎರಡು ಸಲ ಇರುವುದರಿಂದ `MATCH` ಅದನ್ನು ಹಿಡಿದು ಇಬ್ಬರನ್ನೂ ಹುಡುಕಲಾರದು. 3 ಎಂಬುದು ಇಲ್ಲದಿರುವುದರಿಂದ ಅದನ್ನು ಹುಡುಕಿದರೆ `#N/A` ಬರುತ್ತದೆ. ಅದಕ್ಕೆ D ಕಾಲಂನಲ್ಲಿ ಯಾರಿಗೂ ಎರಡು ಸಲ ಬಾರದ ಒಂದು ಕ್ರಮಸಂಖ್ಯೆ ಬೇಕು.

```
=C2+COUNTIF($B$2:B2,B2)-1
```

ಇಲ್ಲಿ `$B$2:B2` ಎಂಬ ವ್ಯಾಪ್ತಿಯ ಮೊದಲ ತುದಿ ಕಟ್ಟಿಹಾಕಿದ್ದು, ಎರಡನೆಯ ತುದಿ ಸಾಲಿನ ಜೊತೆ ಕೆಳಗೆ ಇಳಿಯುತ್ತದೆ. ಹಾಗಾಗಿ ಇದು ಆ ಮೊತ್ತ ಇಲ್ಲಿಯವರೆಗೆ ಎಷ್ಟನೆಯ ಸಲ ಬಂದಿದೆ ಎಂದು ಎಣಿಸುತ್ತದೆ. ಗಣೇಶನ ಸಾಲಿನಲ್ಲಿ 4,12,000 ಮೊದಲ ಸಲ, ಅವನ ಕ್ರಮಸಂಖ್ಯೆ 2. ಬಸವರಾಜನ ಸಾಲಿನಲ್ಲಿ ಎರಡನೆಯ ಸಲ, ಅವನದು 3. ಅನಿತಾ 4, ಚೇತನ್ 5. ಈಗ 1ರಿಂದ 8ರವರೆಗಿನ ಪ್ರತಿ ಅಂಕಿಯೂ ಒಮ್ಮೆ ಮಾತ್ರ ಇದೆ. G ಕಾಲಂನಲ್ಲಿ 1, 2, 3 ಎಂದು ಬರೆದು, H ಕಾಲಂನಲ್ಲಿ ಹೆಸರು, I ಕಾಲಂನಲ್ಲಿ ಮೊತ್ತ, J ಕಾಲಂನಲ್ಲಿ ಸ್ಥಾನ ತರಬಹುದು.

```
=INDEX($A$2:$A$9,MATCH(G2,$D$2:$D$9,0))
=INDEX($B$2:$B$9,MATCH(G2,$D$2:$D$9,0))
=INDEX($C$2:$C$9,MATCH(G2,$D$2:$D$9,0))
```

ಹೆಸರು, ಮೊತ್ತ, ಸ್ಥಾನ ಮೂರೂ ಒಂದೇ `MATCH` ತೋರಿಸಿದ ಸಾಲಿನಿಂದ ಬರುತ್ತಿವೆ ಎಂಬುದನ್ನು ಗಮನಿಸಬೇಕು. ಮೊತ್ತವನ್ನು `LARGE`ನಿಂದಲೂ ಹೆಸರನ್ನು ಇನ್ನೊಂದು ದಾರಿಯಿಂದಲೂ ತಂದರೆ, ಯಾವುದೋ ದಿನ ಒಬ್ಬರ ಹೆಸರಿನ ಪಕ್ಕ ಇನ್ನೊಬ್ಬರ ಮೊತ್ತ ಕೂರಬಹುದು.

ಇನ್ನೂ ಒಂದು ಎಚ್ಚರಿಕೆ ಬೇಕು. D ಕಾಲಂನ ಕ್ರಮಸಂಖ್ಯೆ ಹುಡುಕುವುದಕ್ಕಾಗಿ ಮಾತ್ರ ಇದೆ, ಅದು ಸ್ಥಾನವಲ್ಲ. ಜನರಿಗೆ ತೋರಿಸುವ ಪಟ್ಟಿಯಲ್ಲಿ C ಕಾಲಂನ ಅಂಕಿಯೇ ಇರಬೇಕು: ದೀಪಾ 1, ಗಣೇಶ 2, ಬಸವರಾಜ 2. D ಕಾಲಂನ 3 ಬಸವರಾಜನ ಹೆಸರಿನ ಮುಂದೆ ಅಚ್ಚಾದರೆ, ಗಣೇಶನ ಹೆಸರು ಅಕಾರಾದಿಯಲ್ಲಿ ಮೊದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಬಸವರಾಜ ಹಿಂದೆ ಬಿದ್ದಂತಾಯಿತು. ಈ ಫಾರ್ಮುಲಾವನ್ನು ಸಮಬಲ ಬಿಡಿಸುವ ಉಪಾಯವೆಂದು ಹಲವರು ಬಳಸುತ್ತಾರೆ. ಅದು ಸಮಬಲವನ್ನು ಬಿಡಿಸುವುದಿಲ್ಲ, ಸಾಲಿನ ಕ್ರಮದ ಕೆಳಗೆ ಮುಚ್ಚಿಡುತ್ತದೆ.

ಮೂರನೆಯ ಸ್ಥಾನದಲ್ಲೇ ಮೂವರು

ನಿಜವಾದ ಪರೀಕ್ಷೆ ಎದುರಾಗುವುದು ಸಮಬಲ ಮೂರನೆಯ ಸ್ಥಾನದ ಗೆರೆಯ ಮೇಲೆ ಬಿದ್ದಾಗ. ಗಣೇಶ ಮಾರಿದ್ದ 27,500 ರೂಪಾಯಿಯ ಸೀರೆಗಳು ತಿಂಗಳ ಕೊನೆಯ ದಿನ ವಾಪಸು ಬಂದವು ಎಂದುಕೊಳ್ಳೋಣ. `Bills` ಶೀಟಿನಲ್ಲಿ ಅವನ ಹೆಸರಿನ ಮುಂದೆ −27,500 ಎಂಬ ಸಾಲು ಸೇರುತ್ತದೆ, ಮೊತ್ತ 3,84,500ಕ್ಕೆ ಇಳಿಯುತ್ತದೆ. ಈಗ ದೀಪಾ 1, ಬಸವರಾಜ 2. ಅನಿತಾ, ಗಣೇಶ, ಚೇತನ್ ಮೂವರೂ 3. ಮುಂದಿನ ಸ್ಥಾನ ಮಹೇಶನ 6.

ಮೂರೇ ಸಾಲಿನ ಪಟ್ಟಿ ಇಟ್ಟರೆ ಮೂರನೆಯ ಸಾಲಿನಲ್ಲಿ ಅನಿತಾ ಒಬ್ಬಳೇ ಕಾಣುತ್ತಾಳೆ. ಅವಳಷ್ಟೇ ಮಾರಿದ ಇಬ್ಬರು ಹೊರಗುಳಿಯುತ್ತಾರೆ. ಮೊದಲ ಮೂರು ಸ್ಥಾನದವರು ಎಂಬ ಮಾತಿಗೂ ಮೂರು ಜನ ಎಂಬ ಮಾತಿಗೂ ಇಲ್ಲಿ ಅಂತರವಿದೆ, ಪಟ್ಟಿ ಅಗತ್ಯ ಬಿದ್ದಾಗ ಐದು ಸಾಲಿಗೆ ಬೆಳೆಯಬೇಕು. ಮೈಕ್ರೋಸಾಫ್ಟ್ 365, ಎಕ್ಸೆಲ್ 2021 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಒಂದೇ ಸೆಲ್‌ನಲ್ಲಿ ಬರೆದ ಫಾರ್ಮುಲಾ ತಾನಾಗಿ ಅಷ್ಟು ಸಾಲು ತುಂಬುತ್ತದೆ.

```
=SORT(FILTER(A2:C9,C2:C9<=3),2,-1)
```

`FILTER` ಸ್ಥಾನ 3 ಅಥವಾ ಅದಕ್ಕಿಂತ ಮೇಲಿರುವ ಸಾಲುಗಳನ್ನು ಮಾತ್ರ ಉಳಿಸುತ್ತದೆ, `SORT` ಅವನ್ನು ಎರಡನೆಯ ಕಾಲಂ ಅಂದರೆ ಮೊತ್ತದ ಇಳಿಕೆ ಕ್ರಮಕ್ಕೆ ಹಾಕುತ್ತದೆ. ಕೆಳಗಿನ ಸೆಲ್‌ಗಳಲ್ಲಿ ಬೇರೇನಾದರೂ ಬರೆದಿದ್ದರೆ `#SPILL!` ಎಂದು ಬರುತ್ತದೆ, ಜಾಗ ಖಾಲಿ ಮಾಡಿದರೆ ಸರಿಹೋಗುತ್ತದೆ. ಇದರಲ್ಲಿ D ಕಾಲಂನ ಹಂಗೇ ಇಲ್ಲ. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸಕ್ಕೆಂದೇ `SORTN` ಇದೆ:

```
=SORTN(A2:B9,3,1,2,FALSE)
```

ಮಧ್ಯದ 1 ಎಂಬ ಅಂಕಿ ಮೂರನೆಯವರಿಗೆ ಸಮವಾದವರನ್ನೂ ತೋರಿಸು ಎಂದು ಹೇಳುತ್ತದೆ. ಅದರ ಜಾಗದಲ್ಲಿ 0 ಬರೆದರೆ ಮೂರು ಸಾಲಿಗೆ ಕತ್ತರಿಸುತ್ತದೆ. ಒಂದು ಅಂಕಿಯ ವ್ಯತ್ಯಾಸಕ್ಕೆ ಇಬ್ಬರ ಹೆಸರು ಹೋಗುತ್ತದೆ.

ಹಳೆಯ ಎಕ್ಸೆಲ್ ಇರುವ ಕಡೆ G ಕಾಲಂನಲ್ಲಿ 1ರಿಂದ 8ರವರೆಗೂ ಬರೆದು, ಸ್ಥಾನ 3ನ್ನು ಮೀರಿದರೆ ಸೆಲ್ ಖಾಲಿ ಕಾಣುವಂತೆ ಮಾಡಬಹುದು.

```
=IF(INDEX($C$2:$C$9,MATCH(G2,$D$2:$D$9,0))<=3,
 INDEX($A$2:$A$9,MATCH(G2,$D$2:$D$9,0)),"")
```

ಅಂಗಡಿಯವರಿಗೆ ಮೂವರೇ ಬೇಕು, ಇರುವ ಬಹುಮಾನಗಳೇ ಮೂರು ಎಂದಾದರೆ ಎತ್ತರ ಜಿಗಿತದಂತೆ ಎರಡನೆಯ ಅಳತೆಗೋಲು ಬೇಕು. ಅದು ಬಿಲ್ಲುಗಳ ಸಂಖ್ಯೆ ಇರಬಹುದು, ವಾಪಸು ಬಂದ ಮಾಲಿನ ಮೊತ್ತ ಇರಬಹುದು. ಒಂದೇ ಮೊತ್ತವನ್ನು ಹೆಚ್ಚು ಗಿರಾಕಿಗಳಿಗೆ ಮಾರಿ ಗಳಿಸಿದವರು ಮುಂದೆ ಎಂದು ಈ ಅಂಗಡಿಯವರು ತೀರ್ಮಾನಿಸಿದ್ದಾರೆಂದರೆ, E ಕಾಲಂನಲ್ಲಿ ಬಿಲ್ಲುಗಳನ್ನು ಎಣಿಸಬೇಕು. ವಾಪಸಿನ ಸಾಲುಗಳು ಎಣಿಕೆಗೆ ಸೇರದಂತೆ ಸೊನ್ನೆಗಿಂತ ಹೆಚ್ಚಿರುವ ಮೊತ್ತಗಳನ್ನು ಮಾತ್ರ ತೆಗೆದುಕೊಳ್ಳುವುದು ಅಗತ್ಯ.

```
=COUNTIFS(Bills!$B$2:$B$2000,A2,Bills!$C$2:$C$2000,">0")
```

ನಂತರ C2ರಲ್ಲಿದ್ದ `RANK.EQ` ತೆಗೆದು ಇದನ್ನು ಬರೆಯಬೇಕು:

```
=1+COUNTIF($B$2:$B$9,">"&B2)
 +COUNTIFS($B$2:$B$9,B2,$E$2:$E$9,">"&E2)
```

ಮೊದಲ ಎಣಿಕೆ ತನಗಿಂತ ಹೆಚ್ಚು ಮೊತ್ತದವರದು, ಎರಡನೆಯದು ತನ್ನಷ್ಟೇ ಮೊತ್ತವಿದ್ದು ಹೆಚ್ಚು ಬಿಲ್ ಮಾಡಿದವರದು. ಅನಿತಾಳ ಬಿಲ್ಲುಗಳು 96, ಗಣೇಶನವು 104, ಚೇತನ್‌ನವು 118 ಇದ್ದವು ಎಂದರೆ ಚೇತನ್‌ಗೆ 3, ಗಣೇಶನಿಗೆ 4, ಅನಿತಾಳಿಗೆ 5. ಸಾಲಿನ ಕ್ರಮ ನೆಚ್ಚಿಕೊಂಡಿದ್ದರೆ ಮೂವರಲ್ಲಿ ಕೊನೆಗೆ ಬೀಳುತ್ತಿದ್ದವನು ಈಗ ಮೂರನೆಯವನು. ಬಿಲ್ಲುಗಳೂ ಸಮವಾದರೆ ಈ ಫಾರ್ಮುಲಾ ಇಬ್ಬರಿಗೂ ಒಂದೇ ಸ್ಥಾನ ಕೊಟ್ಟು ಸುಮ್ಮನಾಗುತ್ತದೆ, ಅದು ಸರಿಯಾದ ನಡೆ. ಈ ಬದಲಾವಣೆ ಮಾಡಿದ ಮೇಲೆ D ಕಾಲಂ ಕೂಡ ಮೊತ್ತದ ಬದಲು ಸ್ಥಾನವನ್ನೇ ಎಣಿಸಬೇಕು: `=C2+COUNTIF($C$2:C2,C2)-1`. ಮರೆತರೆ ಕೆಲವು ಕ್ರಮಸಂಖ್ಯೆಗಳು ಎರಡು ಸಲ ಬಂದು ಪಟ್ಟಿ ಕೆಡುತ್ತದೆ.

ಬಹುಮಾನದ ಹಣ

ಮೊದಲ ಬಹುಮಾನ 5,000, ಎರಡನೆಯದು 3,000, ಮೂರನೆಯದು 2,000, ಒಟ್ಟು 10,000 ರೂಪಾಯಿ ತೆಗೆದಿಟ್ಟಿದ್ದಾರೆ ಎಂದುಕೊಂಡರೆ ಎಣಿಕೆಯ ಬಗೆ ನೇರವಾಗಿ ಜೇಬಿಗೆ ತಾಗುತ್ತದೆ. ಸೀರೆ ವಾಪಸು ಬರುವ ಮೊದಲಿನ ಲೆಕ್ಕದಲ್ಲಿ, ಅಂದರೆ ಎರಡನೆಯ ಸ್ಥಾನದಲ್ಲಿ ಇಬ್ಬರಿದ್ದಾಗ, `RANK.EQ` ಹೇಳಿದ ಸ್ಥಾನದ ಪೂರ್ತಿ ಬಹುಮಾನ ಕೊಟ್ಟರೆ 11,000 ಬೇಕು. ಅಂತರವಿಲ್ಲದ ಎಣಿಕೆಯಲ್ಲಿ ಐವರಿಗೆ 15,000 ಬೇಕು. ಬಿಲ್ಲುಗಳ ಎಣಿಕೆಯಿಲ್ಲದೆ ಮೂರನೆಯ ಸ್ಥಾನದಲ್ಲಿ ಮೂವರು ಉಳಿದಾಗ 14,000.

ತೆಗೆದಿಟ್ಟ ಹಣ ಮೀರಬಾರದು ಎಂದಿದ್ದರೆ ವೃತ್ತಿಪರ ಗಾಲ್ಫ್ ಪಂದ್ಯಗಳಲ್ಲಿ ನಡೆಯುವ ಕ್ರಮ ಒಪ್ಪುತ್ತದೆ. ಸಮಬಲದವರು ಸೇರಿ ಯಾವ ಯಾವ ಸ್ಥಾನಗಳನ್ನು ತುಂಬುತ್ತಾರೋ ಆ ಸ್ಥಾನಗಳ ಹಣವನ್ನೆಲ್ಲ ಕೂಡಿಸಿ ಸಮನಾಗಿ ಹಂಚುವುದೇ ಆ ಕ್ರಮ. ಗಣೇಶ, ಬಸವರಾಜ ಇಬ್ಬರು 2 ಮತ್ತು 3ನೆಯ ಸ್ಥಾನ ತುಂಬುವುದರಿಂದ 3,000 ಮತ್ತು 2,000 ಸೇರಿ 5,000, ತಲಾ 2,500. ಮೂರನೆಯ ಸ್ಥಾನದಲ್ಲಿ ಮೂವರಿದ್ದರೆ 3, 4, 5ನೆಯ ಸ್ಥಾನಗಳ ಹಣ ಎಂದರೆ ಬರೀ 2,000. ತಲಾ 666 ರೂಪಾಯಿ 67 ಪೈಸೆ. ಎರಡು ಸಂದರ್ಭದಲ್ಲೂ ಒಟ್ಟು 10,000 ದಾಟುವುದಿಲ್ಲ, ಪೈಸೆಯ ದುಂಡಗಾಗಿಸುವಿಕೆಯನ್ನು ಬಿಟ್ಟರೆ. L2ರಿಂದ L4ರವರೆಗೆ 1, 2, 3 ಎಂದೂ ಅವುಗಳ ಪಕ್ಕ M ಕಾಲಂನಲ್ಲಿ ಬಹುಮಾನವನ್ನೂ ಬರೆದರೆ ಪ್ರತಿಯೊಬ್ಬರ ಪಾಲು ಹೀಗೆ ಬರುತ್ತದೆ:

```
=SUMIFS($M$2:$M$4,$L$2:$L$4,">="&C2,$L$2:$L$4,
 "<="&(C2+COUNTIF($C$2:$C$9,C2)-1))/COUNTIF($C$2:$C$9,C2)
```

ಮೂರನೆಯ ಸ್ಥಾನದ ಕೆಳಗಿನವರಿಗೆ ಕೂಡಿಸಲು ಏನೂ ಸಿಗದೆ ತಾನಾಗಿ ಸೊನ್ನೆ ಬರುತ್ತದೆ.

ಎಲ್ಲಿ ತಪ್ಪುತ್ತದೆ

ಸ್ಥಾನದ ಕಾಲಂನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಡಾಲರ್ ಗುರುತು ಬಿಟ್ಟುಹೋಗುವುದು. `$B$2:$B$9` ಬದಲು `B2:B9` ಎಂದು ಬರೆದು ಕೆಳಕ್ಕೆ ಎಳೆದರೆ, ಪ್ರತಿ ಸಾಲಿಗೂ ವ್ಯಾಪ್ತಿ ಒಂದೊಂದು ಸೆಲ್ ಜಾರುತ್ತದೆ. ಕೊನೆಯ ಸಾಲಿನ ಲಕ್ಷ್ಮಿಯನ್ನು ಆಗ ಹೋಲಿಸುವುದು ತನ್ನೊಂದಿಗೇ, ಎಲ್ಲರಿಗಿಂತ ಕಡಿಮೆ ಮಾರಿದ ಅವಳಿಗೂ 1 ಬರುತ್ತದೆ. ಮೊದಲ ಕೋಷ್ಟಕದ ಮೊತ್ತಗಳಿಗೆ ಹೀಗೆ ಮಾಡಿದರೆ ದೀಪಾ, ಬಸವರಾಜ, ಮಹೇಶ, ಲಕ್ಷ್ಮಿ ನಾಲ್ವರಿಗೂ 1. ಮೊತ್ತ ಬೇರೆ ಬೇರೆ ಇದ್ದು ಸ್ಥಾನ ಒಂದೇ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಇದಕ್ಕಿಂತ ಒಳಗಿನ ತೊಡಕು ಪೈಸೆಯದು. ಶೀಟಿನಲ್ಲಿ ಪೈಸೆ ಕಾಣದಂತೆ ಅಲಂಕರಿಸಿದ್ದರೆ 4,12,000.40 ಮತ್ತು 4,11,999.60 ಎರಡೂ 4,12,000 ಎಂದೇ ಕಾಣುತ್ತವೆ, ಆದರೆ ಸ್ಥಾನ 2 ಮತ್ತು 3 ಎಂದು ಬೇರೆಯಾಗುತ್ತದೆ. ಒಂದೇ ಮೊತ್ತಕ್ಕೆ ಎರಡು ಸ್ಥಾನ ಕೊಟ್ಟಿದ್ದಾರೆಂದು ನೋಡಿದವರಿಗೆ ಅನಿಸುವುದು ಸಹಜ. ಪೈಸೆಯನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಪಟ್ಟಿಯಲ್ಲೂ ತೋರಿಸಬೇಕು, ಬೇಡವೆಂದರೆ `ROUND` ಕೊನೆಯಲ್ಲಿ 2ರ ಬದಲು 0 ಬರೆದು ರೂಪಾಯಿಗೆ ದುಂಡಗಾಗಿಸಬೇಕು. `ROUND` ಇಲ್ಲದೆ ಬಿಡುವುದಂತೂ ತರವಲ್ಲ. ಕಂಪ್ಯೂಟರ್ ಪೈಸೆಗಳನ್ನು ದ್ವಿಮಾನ ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ, 10 ಪೈಸೆಯಂಥ ಬೆಲೆಯನ್ನು ಆ ರೂಪದಲ್ಲಿ ನಿಖರವಾಗಿ ಬರೆಯಲು ಬಾರದು. ನೂರಾರು ಬಿಲ್ ಕೂಡಿಸಿದಾಗ ಕಣ್ಣಿಗೆ ಕಾಣದ ಕಡೆ ಒಂದು ಕಣದಷ್ಟು ವ್ಯತ್ಯಾಸ ಉಳಿಯಬಹುದು. `RANK.EQ` ಅದನ್ನು ಹಿಡಿದು ಇಬ್ಬರನ್ನು ಬೇರೆ ಮಾಡಿ, `COUNTIF` ಇಬ್ಬರೂ ಸಮ ಎಂದರೆ ಕ್ರಮಸಂಖ್ಯೆಯಲ್ಲಿ 3 ಎರಡು ಸಲ ಬಂದು 2 ಇಲ್ಲವಾಗಬಹುದು. ಆಗ ಪಟ್ಟಿಯ ಎರಡನೆಯ ಸಾಲಿನಲ್ಲಿ `#N/A` ಕಾಣುತ್ತದೆ.

ಎಷ್ಟೇ ಸರಿಯಾದ ಫಾರ್ಮುಲಾ ಇದ್ದರೂ ಹೆಸರುಗಳು ಸರಿಯಿಲ್ಲದಿದ್ದರೆ ಸ್ಥಾನ ತಪ್ಪುತ್ತದೆ. ಬಿಲ್ ಬರೆಯುವವರು ಒಮ್ಮೆ ಬಸವರಾಜ ಎಂದೂ ಒಮ್ಮೆ ಬಸವರಾಜು ಎಂದೂ ಬರೆದರೆ ಎರಡನೆಯ ಹೆಸರಿನ ಬಿಲ್ಲುಗಳು ಯಾರ ಮೊತ್ತಕ್ಕೂ ಸೇರುವುದಿಲ್ಲ. ಹೆಸರಿನ ಕೊನೆಯಲ್ಲಿ ಉಳಿದ ಒಂದು ಸ್ಪೇಸ್ ಕೂಡ ಇಷ್ಟೇ ಹಾನಿ ಮಾಡುತ್ತದೆ. ಕನ್ನಡದಲ್ಲಿ ಹೆಸರು ಬರೆಯುವ ಕಚೇರಿಗಳಲ್ಲಿ ಇನ್ನೊಂದು ಕಾರಣವೂ ಇದೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಹೆಸರು, ಯೂನಿಕೋಡ್‌ನಲ್ಲಿ ಬರೆದ ಹೆಸರು ತೆರೆಯ ಮೇಲೆ ಒಂದೇ ಥರ ಕಂಡರೂ ಒಳಗಿನ ಸಂಕೇತಗಳು ಪೂರ್ತಿ ಬೇರೆ. ಎಕ್ಸೆಲ್‌ಗೆ ಅವು ಇಬ್ಬರು ಬೇರೆ ವ್ಯಕ್ತಿಗಳು. ಹೆಸರನ್ನು ಟೈಪ್ ಮಾಡುವ ಬದಲು ಡೇಟಾ ವ್ಯಾಲಿಡೇಶನ್ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಈ ಮೂರೂ ತಪ್ಪುತ್ತವೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ನಕಲು ಮಾಡಿ ತಂದ ಮೊತ್ತಗಳು ಕೆಲವೊಮ್ಮೆ ಅಂಕಿಯಾಗಿರದೆ ಪಠ್ಯವಾಗಿರುತ್ತವೆ. ಅವು ಸೆಲ್‌ನ ಎಡಕ್ಕೆ ಅಂಟಿ ನಿಲ್ಲುತ್ತವೆ, `SUMIF` ಅವನ್ನು ಕೂಡಿಸದೆ ಮುಂದೆ ಹೋಗುತ್ತದೆ. ಮೊತ್ತದ ಸೆಲ್‌ನಲ್ಲಿ ಯಾವ ದೋಷವೂ ಕಾಣದ ಕಾರಣ ಇದು ಹೆಚ್ಚು ಅಪಾಯದ ತಪ್ಪು.

ಪಟ್ಟಿಯನ್ನು ಹೊರಗೆ ಹಾಕುವ ಮೊದಲು ಎರಡು ಪರೀಕ್ಷೆ ಸಾಕು. ಮೊದಲನೆಯದಾಗಿ, ಎಂಟು ಜನರ ಮೊತ್ತಗಳನ್ನು ಕೂಡಿಸಿದರೆ ಬಿಲ್ಲುಪುಸ್ತಕದ ಅಥವಾ ಬಿಲ್ಲಿಂಗ್ ಯಂತ್ರದ ತಿಂಗಳ ಒಟ್ಟು ಮೊತ್ತ ಬರಬೇಕು. ಇಲ್ಲಿನ ಲೆಕ್ಕದಲ್ಲಿ ಅದು 30,19,400. ಸೀರೆ ವಾಪಸು ಬಂದ ಮೇಲೆ 29,91,900. ಒಂದು ರೂಪಾಯಿ ಕಡಿಮೆ ಬಂದರೂ ಎಲ್ಲೋ ಒಂದು ಹೆಸರು ಅಥವಾ ಮೊತ್ತ ಬಿಟ್ಟುಹೋಗಿದೆ. `Bills` ಶೀಟಿನ ಒಟ್ಟಿಗೆ ಮಾತ್ರ ಹೋಲಿಸಿದರೆ ಪಠ್ಯವಾಗಿರುವ ಮೊತ್ತಗಳು ಎರಡೂ ಕಡೆ ತಪ್ಪಿಸಿಕೊಳ್ಳುತ್ತವೆ, ಅದಕ್ಕೇ ಹೊರಗಿನ ಲೆಕ್ಕ ಬೇಕು. ಎರಡನೆಯದಾಗಿ, ಮೊತ್ತದ ಕಾಲಂನಲ್ಲಿ ಬೇಕೆಂದೇ ಸಮಬಲ ಮಾಡಿ ನೋಡಬೇಕು. ಶೀಟಿನ ಒಂದು ನಕಲು ತೆಗೆದು ಅದರಲ್ಲಿ ಒಮ್ಮೆ ಮೊದಲ ಇಬ್ಬರನ್ನು, ಒಮ್ಮೆ ಮೂರನೆಯ ಮತ್ತು ನಾಲ್ಕನೆಯವರನ್ನು, ಒಮ್ಮೆ ಎಂಟೂ ಜನರನ್ನು ಸಮ ಮಾಡಿದಾಗಲೂ ಯಾವ ಹೆಸರೂ ಎರಡು ಸಲ ಬಾರದೆ, ಸಮನಾದ ಯಾರೂ ಹೊರಗುಳಿಯದೆ ಇದ್ದರೆ ಆ ಶೀಟನ್ನು ನಂಬಬಹುದು. ಸಮ ಬಂದರೆ ಏನು ಮಾಡುತ್ತೇವೆ ಎಂಬ ನಿಯಮವನ್ನು ತಿಂಗಳ ಮೊದಲ ದಿನವೇ, ಮೊತ್ತಗಳು ಇನ್ನೂ ಸೊನ್ನೆ ಇರುವಾಗ, ಆ ಶೀಟಿನ ತಲೆಯಲ್ಲೇ ಒಂದು ಸಾಲಿನಲ್ಲಿ ಬರೆದಿಡಬೇಕು.